ಹನಿ ನೀರಾವರಿ ಯೋಜನೆಗೆ ಘೋಷವಾಕ್ಯ ಬರೆಯುವುದು ಹೇಗೆ? ರೈತರ ಅನುಮಾನದಿಂದ ಗೋಡೆ ಬರಹದವರೆಗೆ

ಹನಿ ನೀರಾವರಿಗೆ ಒಂದು ಘೋಷವಾಕ್ಯ ಬೇಕು ಅಂದ ತಕ್ಷಣ ಎಲ್ಲರ ಕೈಗೂ ಮೊದಲು ಸಿಗುವುದು "ನೀರು ಉಳಿಸಿ, ನಾಡು ಉಳಿಸಿ" ಅನ್ನುವ ಥರದ ಸಾಲು. ಕೇಳಲು ಚೆನ್ನಾಗಿದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಇದರಲ್ಲಿ ಹನಿ ನೀರಾವರಿಯೇ ಇಲ್ಲ. ಇದೇ ಸಾಲನ್ನು ಕೆರೆ ಹೂಳೆತ್ತುವ ಯೋಜನೆಗೂ ಹಾಕಬಹುದು, ಮನೆಯ ನಲ್ಲಿ ಬಿಗಿ ಮಾಡಿ ಅನ್ನುವ ಪೋಸ್ಟರ್‌ಗೂ ಹಾಕಬಹುದು. ರೈತ ಅದನ್ನು ಓದಿ ತಲೆ ಆಡಿಸಿ, ಮಾಮೂಲಿನಂತೆ ಹೊಲಕ್ಕೆ ನೀರು ಹಾಯಿಸುತ್ತಾನೆ.

ಘೋಷವಾಕ್ಯ ಕೆಲಸ ಮಾಡಬೇಕಾದರೆ ರೈತರ ಮನಸ್ಸಿನಲ್ಲಿ ಈಗಾಗಲೇ ಇರುವ ಒಂದು ಅನುಮಾನಕ್ಕೆ ಅದು ಉತ್ತರ ಕೊಡಬೇಕು. ಪ್ರಾಸ, ಲಯ, ಗೋಡೆ ಬರಹ ಎಲ್ಲ ಆಮೇಲಿನ ಮಾತು. ಆ ಅನುಮಾನ ಯಾವುದು, ಅದಕ್ಕೆ ನಿಜವಾದ ಉತ್ತರ ಏನು, ಆ ಉತ್ತರವನ್ನು ಐದಾರು ಪದಕ್ಕೆ ಇಳಿಸುವುದು ಹೇಗೆ ಅಂತ ಒಂದು ಸಾಲನ್ನು ಮೊದಲಿನಿಂದ ಕೊನೆವರೆಗೆ ಕಟ್ಟುತ್ತಾ ತೋರಿಸುತ್ತೇನೆ.

ಹಂತ 1: ಯಾರಿಗೆ ಹೇಳುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ

ಹನಿ ನೀರಾವರಿ ಯೋಜನೆಯಲ್ಲಿ ಎರಡು ಥರದ ರೈತರು ಇರುತ್ತಾರೆ. ಇನ್ನೂ ಡ್ರಿಪ್ ಹಾಕಿಸದವರು ಒಂದು ಕಡೆ. ಹಾಕಿಸಿ, ಒಂದೆರಡು ಬೆಳೆ ತೆಗೆದು, ನೀರು ಹನಿಸುವ ಡ್ರಿಪ್ಪರ್‌ಗಳು ಕಟ್ಟಿಕೊಂಡವು ಅಂತ ಪೈಪುಗಳನ್ನು ಸುತ್ತಿ ಬದುವಿನ ಮೇಲೆ ಎಸೆದವರು ಇನ್ನೊಂದು ಕಡೆ. ಮೊದಲಿನವರಿಗೆ ಬೇಕಾದ್ದು ನಂಬಿಕೆ. ಎರಡನೆಯವರಿಗೆ ಬೇಕಾದ್ದು ನಿರ್ವಹಣೆಯ ಮಾತು. ಇಬ್ಬರಿಗೂ ಒಂದೇ ಸಾಲು ಸಾಕು ಅಂತ ಹೊರಟರೆ ಮತ್ತೆ "ನೀರು ಉಳಿಸಿ" ಅನ್ನುವಲ್ಲಿಗೇ ಬಂದು ನಿಲ್ಲುತ್ತೀರಿ.

ಯೋಜನೆಗೆ ಎರಡೂ ಬೇಕಿದ್ದರೆ ಎರಡು ಸಾಲು ಬರೆಯಿರಿ, ಬೇರೆ ಬೇರೆ ಜಾಗದಲ್ಲಿ ಹಾಕಿ. ಮೊದಲನೆಯದು ಊರ ಬಾಗಿಲಲ್ಲಿ, ಸಭೆಯಲ್ಲಿ. ಎರಡನೆಯದು ಪಂಪ್ ಮನೆಯ ಗೋಡೆಯ ಮೇಲೆ, ಫಿಲ್ಟರ್ ಕಣ್ಣಿಗೆ ಬೀಳುವ ಕಡೆ. ಈಗ ಮೊದಲನೆಯದನ್ನು ಕಟ್ಟೋಣ, ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಂತ 2: ಅನುಮಾನವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ

ಡ್ರಿಪ್ ಹಾಕಿಸದ ನಾಲ್ಕಾರು ಜನರ ಹತ್ತಿರ ಕೂತು, ಯಾಕೆ ಹಾಕಿಸಿಲ್ಲ ಅಂತ ಕೇಳಿ. ನೀವು ವಿವರಣೆ ಕೊಡಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಖರ್ಚಿನ ಮಾತು ಬರುತ್ತದೆ, ಇಲಿ ಅಳಿಲು ಪೈಪ್ ಕಡಿಯುವ ಮಾತು ಬರುತ್ತದೆ, ಉಳುಮೆಗೆ ಅಡ್ಡ ಬರುತ್ತೆ ಅನ್ನುವ ಮಾತೂ ಬರುತ್ತದೆ. ಇವಕ್ಕೆ ಘೋಷವಾಕ್ಯದಲ್ಲಿ ಉತ್ತರ ಇಲ್ಲ. ಖರ್ಚಿಗೆ ಸಹಾಯಧನ ಉತ್ತರ, ಇಲಿಗೆ ಬೇರೆ ಉಪಾಯ. ಆದರೆ ಒಂದು ಮಾತು ಮಾತ್ರ ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ ಬರುತ್ತದೆ: "ಅಷ್ಟು ನೀರು ಸಾಲುತ್ತಾ? ನೆಲವೇ ಒದ್ದೆ ಆಗಲ್ವಲ್ಲ."

ಇದೇ ಆ ಅನುಮಾನ. ತಲೆತಲಾಂತರದಿಂದ ನೀರು ಹಾಯಿಸಿದವರಿಗೆ, ಸಾಲು ತುಂಬಿ ಹರಿದರೆ ಮಾತ್ರ ಬೆಳೆಗೆ ನೀರು ಕುಡಿಸಿದ ಸಮಾಧಾನ. ಡ್ರಿಪ್ ಹಾಕಿದ ಹೊಲದಲ್ಲಿ ಎರಡು ಸಾಲಿನ ನಡುವೆ ಮಣ್ಣು ಒಣಗಿ ಬಿಳಿಚಿಕೊಂಡಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಡ್ರಿಪ್ ಇದ್ದೂ ವಾರಕ್ಕೊಮ್ಮೆ ಕಾಲುವೆಯಲ್ಲೂ ನೀರು ಬಿಡುವವರು ಇರುವುದು ಇದಕ್ಕೇ.

ಹಂತ 3: ಉತ್ತರ ನಿಜವೇ ಅಂತ ನೆಲ ಅಗೆದು ನೋಡಿ

ಘೋಷವಾಕ್ಯ ಬರೆಯುವವರು ಈ ಹಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಸಾಲಿಗೆ ಬೇಕಾದ ಪದಗಳು ಸಿಗುವುದೇ ಇಲ್ಲಿ.

ಡ್ರಿಪ್ ಒಂದು ಗಂಟೆ ನಡೆದ ಹೊಲಕ್ಕೆ ಹೋಗಿ. ಒಂದು ಡ್ರಿಪ್ಪರ್ ಕೆಳಗೆ ಮಣ್ಣಿನ ಮೇಲೆ ಕಾಣುವುದು ಸಣ್ಣ ತಟ್ಟೆಯಷ್ಟಗಲದ ಒದ್ದೆ ಕಲೆ, ಅಷ್ಟೇ. ಈಗ ಅದರ ಪಕ್ಕದಲ್ಲಿ ಸಲಿಕೆಯಿಂದ ನೇರವಾಗಿ ಒಂದಡಿ ಆಳ ಕತ್ತರಿಸಿ, ಒಂದು ಬದಿಯ ಮಣ್ಣನ್ನು ಹುಷಾರಾಗಿ ಸರಿಸಿ. ಒದ್ದೆ ಭಾಗದ ಬಣ್ಣ ಕಪ್ಪಾಗಿ ಎದ್ದು ಕಾಣುತ್ತದೆ. ಮೇಲೆ ಕಿರಿದು, ಕೆಳಗೆ ಹೋಗ್ತಾ ಹೋಗ್ತಾ ಅಗಲ, ಆಮೇಲೆ ಮತ್ತೆ ಕಿರಿದು, ಈರುಳ್ಳಿ ಗೆಡ್ಡೆಯ ಆಕಾರ. ಆ ಗೆಡ್ಡೆಯೊಳಗೇ ಬಿಳಿ ಎಳೆ ಬೇರುಗಳು ಒತ್ತೊತ್ತಾಗಿ ಹರಡಿರುತ್ತವೆ. ಮೇಲಿನ ಒಣ ಮಣ್ಣಿನಲ್ಲಿ ಬೇರು ಕಾಣುವುದೇ ಅಪರೂಪ.

ಮಣ್ಣು ಬದಲಾದರೆ ಈ ಆಕಾರವೂ ಬದಲಾಗುತ್ತದೆ. ಮರಳು ಮಣ್ಣಿನಲ್ಲಿ ನೀರು ನೇರ ಕೆಳಗೆ ಇಳಿಯುತ್ತದೆ, ಗೆಡ್ಡೆ ಉದ್ದ ಆಗಿ ತೆಳ್ಳಗಾಗುತ್ತದೆ. ಅಲ್ಲಿ ಡ್ರಿಪ್ಪರ್‌ಗಳನ್ನು ಹತ್ತಿರ ಹತ್ತಿರ ಇಟ್ಟು, ಕಡಿಮೆ ಹೊತ್ತು, ಜಾಸ್ತಿ ಸಲ ನೀರು ಬಿಡಬೇಕು. ಜಿಗುಟು ಕಪ್ಪು ಮಣ್ಣಿನಲ್ಲಿ ಪಕ್ಕಕ್ಕೆ ಹರಡುತ್ತದೆ. ಅದಕ್ಕೇ ಯೋಜನೆ ನಡೆಯುವ ಜಾಗದ ಮಣ್ಣಿನಲ್ಲೇ ಅಗೆದು ನೋಡಿ ಅನ್ನುವುದು.

ಇಷ್ಟು ನೋಡಿದ ಮೇಲೆ ನಿಮ್ಮ ಉತ್ತರ ಒಂದು ಸಾದಾ ವಾಕ್ಯದಲ್ಲಿ ಸಿಗುತ್ತದೆ: ನೀರು ಬೇಕಾಗಿರುವುದು ನೆಲಕ್ಕಲ್ಲ, ಬೇರಿಗೆ. ಇದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮುಂದೆ ಬರೆಯುವ ಪ್ರತಿ ಸಾಲನ್ನೂ ಇದರ ಪಕ್ಕ ಇಟ್ಟು ನೋಡಬೇಕು.

ಹಂತ 4: ಸಂಖ್ಯೆ ಹಾಕುವ ಆಸೆ ಬಂದರೆ ಲೆಕ್ಕ ಮಾಡಿ ನೋಡಿ

"ಅರ್ಧ ನೀರು, ದುಪ್ಪಟ್ಟು ಬೆಳೆ" ಅಂತ ಬರೆಯಲು ಯಾರಿಗಾದರೂ ಕೈ ತುರಿಸುತ್ತದೆ. ಒಂದು ಲೆಕ್ಕ ಮಾಡೋಣ. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಅಷ್ಟು ಜಾಗಕ್ಕೆ 1 ಮಿಲಿಮೀಟರ್ ನೀರು ಅಂದರೆ 4,000 ಲೀಟರ್. ಚೆನ್ನಾಗಿ ಬೆಳೆದು ನಿಂತ ತರಕಾರಿ ಬೆಳೆಗೆ ದಿನಕ್ಕೆ 4 ಮಿಲಿಮೀಟರ್ ಬೇಕು ಅಂತ ಇಟ್ಟುಕೊಳ್ಳಿ, 16,000 ಲೀಟರ್ ಆಯಿತು. ಡ್ರಿಪ್‌ನಲ್ಲಿ ಅಷ್ಟೇ ಕೊಟ್ಟರೆ ಎಂಟು ದಿನಕ್ಕೆ 1,28,000 ಲೀಟರ್.

ಅದೇ ಹೊಲಕ್ಕೆ ಎಂಟು ದಿನಕ್ಕೊಮ್ಮೆ ಕಾಲುವೆಯಲ್ಲಿ ಹಾಯಿಸಿದರೆ, ಒಂದು ಸಲಕ್ಕೆ 50 ಮಿಲಿಮೀಟರ್ ಹೋಯಿತು ಅಂದುಕೊಂಡರೂ 2,00,000 ಲೀಟರ್. ಉಳಿದದ್ದು 72,000 ಲೀಟರ್, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಒಳ್ಳೆಯ ಉಳಿತಾಯವೇ. ಆದರೆ ಅರ್ಧ ಅಲ್ಲ. ಗಿಡ ಸಣ್ಣದಿದ್ದಾಗ ಉಳಿತಾಯ ಇದಕ್ಕಿಂತ ಹೆಚ್ಚು, ಮೊದಲೇ ಅಳತೆಯಿಂದ ನೀರು ಕೊಡುತ್ತಿದ್ದವರ ಹೊಲದಲ್ಲಿ ಇದಕ್ಕಿಂತ ಕಡಿಮೆ. ಒಂದು ಸಂಖ್ಯೆ ಎಲ್ಲರ ಹೊಲಕ್ಕೂ ಹೊಂದುವುದಿಲ್ಲ. ಗೋಡೆಯ ಮೇಲೆ "ಅರ್ಧ" ಅಂತ ಬರೆದು, ಪಕ್ಕದ ಹೊಲದವನಿಗೆ ಅಷ್ಟು ಉಳಿಯದಿದ್ದರೆ, ಆ ಗೋಡೆಯ ಮೇಲಿನ ಉಳಿದ ಮಾತುಗಳನ್ನೂ ಯಾರೂ ನಂಬುವುದಿಲ್ಲ. ಹಾಗಾಗಿ ಸಂಖ್ಯೆಯನ್ನು ಘೋಷವಾಕ್ಯದಲ್ಲಿ ಹಾಕಬೇಡಿ. ಕರಪತ್ರದಲ್ಲಿ ಮೇಲಿನ ಥರ ಲೆಕ್ಕ ಬಿಡಿಸಿ ಹಾಕಿ, ಅಲ್ಲಿ ಅದಕ್ಕೆ ಜಾಗ ಇದೆ.

ಇನ್ನೊಂದು ಭರವಸೆಯ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಕಾಳಜಿ. ನೋಡಿ, ಈ ಸಾಲು ಎಷ್ಟು ಚೆನ್ನಾಗಿದೆ: "ಬೇರಿಗೆ ನೀರು, ಊರಿಗೂ ನೀರು." ಪ್ರಾಸ ಕೂಡಿದೆ, ಬೇರೂ ಇದೆ. ಆದರೆ ಹೊಲದಲ್ಲಿ ಉಳಿದ ನೀರು ಊರಿಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ಎಕರೆಗೆ ಸಾಲುತ್ತಿದ್ದ ಬೋರ್‌ವೆಲ್ ನೀರು ಡ್ರಿಪ್ ಹಾಕಿದ ಮೇಲೆ ಒಂದೂವರೆ ಎಕರೆಗೆ ಸಾಲುತ್ತದೆ ಅಂದರೆ ರೈತ ಒಂದೂವರೆ ಎಕರೆ ಬೆಳೆಯುತ್ತಾನೆ, ಬೆಳೆಯದೆ ಇರುವುದಾದರೂ ಯಾಕೆ? ಪಂಪ್ ಅಷ್ಟೇ ಹೊತ್ತು ಓಡುತ್ತದೆ. ಮೊದಲು ಇಂಗಿ ಮತ್ತೆ ಕೆಳಕ್ಕೆ ಹೋಗುತ್ತಿದ್ದ ಒಂದಷ್ಟು ನೀರೂ ಈಗ ಇಂಗುವುದಿಲ್ಲ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ನೀರಿನ ತಜ್ಞರ ಒಂದು ಗುಂಪು ಇದೇ ಮಾತನ್ನು ಬರೆಯಿತು: ನೀರಾವರಿಯ ದಕ್ಷತೆ ಹೆಚ್ಚಾದ ಮಾತ್ರಕ್ಕೆ ಒಟ್ಟು ನೀರಿನ ಬಳಕೆ ತಗ್ಗುವುದು ಅಪರೂಪ, ಎಷ್ಟು ನೀರು ತೆಗೆಯಬಹುದು ಅನ್ನುವುದಕ್ಕೂ ಮಿತಿ ಬೇಕು ಅಂತ.

ಅಂದರೆ ನಿಮ್ಮ ಯೋಜನೆಯಲ್ಲಿ ನೀರೆತ್ತುವುದಕ್ಕೆ ಏನಾದರೂ ಮಿತಿಯ ನಿಯಮ ಇದ್ದರೆ ಮಾತ್ರ "ಊರಿಗೂ ನೀರು" ಅನ್ನಿ. ಇಲ್ಲದಿದ್ದರೆ ರೈತರ ಹೊಲಕ್ಕೆ ಆಗುವ ಲಾಭವನ್ನಷ್ಟೇ ಹೇಳಿ. ಭಾರತ ಸರ್ಕಾರ 2015ರಲ್ಲಿ ಕೃಷಿ ಸಿಂಚಾಯಿ ಯೋಜನೆ ಶುರು ಮಾಡಿದಾಗ ಅದರ ಹನಿ ಮತ್ತು ತುಂತುರು ನೀರಾವರಿ ಭಾಗಕ್ಕೆ "ಪರ್ ಡ್ರಾಪ್ ಮೋರ್ ಕ್ರಾಪ್" ಅಂತಲೇ ಹೆಸರಿಟ್ಟಿತು. ಗಮನಿಸಿ, ಆ ಮಾತಿನಲ್ಲಿ ನೀರು ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಒಂದು ಹನಿಗೆ ಎಷ್ಟು ಬೆಳೆ ಅನ್ನುವುದಷ್ಟೇ ಇದೆ. ಡ್ರಿಪ್‌ನಿಂದ ಖಚಿತವಾಗಿ ಹೇಳಬಹುದಾದದ್ದು ಅಷ್ಟೇ.

ಹಂತ 5: ಈಗ ಸಾಲು ಕಟ್ಟಿ

ಕನ್ನಡದಲ್ಲಿ ಬಾಯಲ್ಲಿ ನಿಲ್ಲುವ ಮಾತುಗಳಿಗೆ ಹೆಚ್ಚಾಗಿ ಎರಡು ಭಾಗ ಇರುತ್ತವೆ, ಎರಡೂ ಹತ್ತಿರ ಹತ್ತಿರ ಒಂದೇ ತೂಕ. ಗಾದೆಗಳನ್ನು ನೆನೆಸಿಕೊಂಡರೆ ಗೊತ್ತಾಗುತ್ತದೆ. ತೂಕ ನೋಡಲು ಶಾಲೆಯಲ್ಲಿ ಕಲಿತ ಮಾತ್ರೆ ಲೆಕ್ಕ ಸಾಕು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಪದದ ಕೊನೆಯ ಅರ್ಧಾಕ್ಷರದ ಹಿಂದಿನ ಅಕ್ಷರಕ್ಕೂ ಎರಡು.

ಮೊದಲ ಪ್ರಯತ್ನ: "ಹನಿ ನೀರಾವರಿ ಅಳವಡಿಸಿ, ಅಂತರ್ಜಲ ಸಂರಕ್ಷಿಸಿ." ಇದು ಕಚೇರಿಯ ಟಿಪ್ಪಣಿ ಹಾಗಿದೆ. ಹೊಲದಲ್ಲಿ ಯಾರೂ "ಅಳವಡಿಸು" ಅನ್ನುವುದಿಲ್ಲ, "ಡ್ರಿಪ್ ಹಾಕಿಸು" ಅನ್ನುತ್ತಾರೆ. ಬಿಡೋಣ.

ಎರಡನೆಯದು: "ಹನಿ ಹನಿ ನೀರು, ತೆನೆ ತೆನೆ ಕಾಳು." ಏಳು ಮಾತ್ರೆ, ಏಳು ಮಾತ್ರೆ. ಎರಡನೇ ಅಕ್ಷರಕ್ಕೆ ನಕಾರದ ಪ್ರಾಸವೂ ಬಂತು. ಬಾಯಿಗೆ ಸಕ್ಕರೆ. ಆದರೆ ಹನಿ ನೀರಾವರಿ ಹೆಚ್ಚು ಹೊಂದುವುದು ಸಾಲಿನ ನಡುವೆ ಅಂತರ ಇರುವ ತರಕಾರಿ, ಹಣ್ಣು, ಕಬ್ಬು, ಹತ್ತಿಯಂಥ ಬೆಳೆಗೆ. ಒತ್ತೊತ್ತಾಗಿ ಬಿತ್ತುವ ಕಾಳಿನ ಬೆಳೆಗೆ ಪೈಪ್ ಖರ್ಚು ಹೊರೆಯಾಗುತ್ತದೆ. ಟೊಮೆಟೊ, ದಾಳಿಂಬೆ ಬೆಳೆಯುವವರಿಗೆ ತೆನೆಯ ಮಾತು ಹೇಳಿದರೆ "ಇದು ನಮಗಲ್ಲ" ಅಂತ ಮುಂದೆ ಹೋಗುತ್ತಾರೆ. ಎಷ್ಟೇ ಇಷ್ಟವಾದರೂ ಇದನ್ನು ಕೈಬಿಡಬೇಕು.

ಮೂರನೆಯದು ನೇರವಾಗಿ ಆ ಅನುಮಾನಕ್ಕೆ: "ನೆಲ ಒಣಗಿರಲಿ, ಬೇರು ನೆನೆಯಲಿ." ಇದೂ ಏಳು, ಏಳು. ಅಗೆದು ನೋಡಿದ್ದನ್ನೇ ಹೇಳುತ್ತದೆ. ತೊಂದರೆ ಎಲ್ಲಿ ಅಂದರೆ, ಜಾತ್ರೆಯ ಗದ್ದಲದಲ್ಲಿ ಮೈಕ್‌ನಲ್ಲಿ ಮೊದಲ ಅರ್ಧ ಮಾತ್ರ ಕಿವಿಗೆ ಬಿದ್ದರೆ "ನೆಲ ಒಣಗಿರಲಿ" ಅಂತ ಕೇಳಿಸುತ್ತದೆ. ರೈತರ ಮುಂದೆ ಆ ಮಾತು ಶಾಪದ ಹಾಗೆ. ಘೋಷವಾಕ್ಯದ ಎರಡು ಭಾಗಗಳನ್ನು ಬೇರೆ ಬೇರೆ ಮಾಡಿ ಓದಿದರೂ ಕೆಟ್ಟ ಅರ್ಥ ಬರಬಾರದು. ಈ ಪರೀಕ್ಷೆ ಪ್ರತಿ ಸಾಲಿಗೂ ಮಾಡಿ.

ಸರಿ, ಒಣ ನೆಲವನ್ನು ಬಿಟ್ಟು, ಬೇರನ್ನು ಇಟ್ಟುಕೊಳ್ಳೋಣ. "ಬೇರು ನೆನೆದರೆ ಸಾಕು." ಇದು ಒಳ್ಳೆಯ ಅರ್ಧ. ರೈತರು ಕೇಳಿದ್ದು "ಸಾಲುತ್ತಾ?" ಅಂತ, ಉತ್ತರ "ಸಾಕು" ಅಂತ ಬಂತು. ಮಾತ್ರೆ ಮೂರು, ನಾಲ್ಕು, ಮೂರು. ಇನ್ನರ್ಧಕ್ಕೂ ಅದೇ ನಡೆ ಬೇಕು. "ಬೆಳೆಗೆ ಅಷ್ಟೇ ಬೇಕು" ಅಂದರೆ ತೂಕ ಸರಿಯಾಗುತ್ತದೆ, ಆದರೆ ಮೊದಲರ್ಧವನ್ನೇ ಮತ್ತೆ ಹೇಳಿದ ಹಾಗಾಗುತ್ತದೆ, ಜೊತೆಗೆ ಹನಿ ನೀರಾವರಿಯ ಸುಳಿವೇ ಇಲ್ಲ. ಮೈಕ್‌ನಲ್ಲಿ ಕೇಳುವವರಿಗೆ ಚಿತ್ರ ಕಾಣುವುದಿಲ್ಲ ಅಲ್ವಾ, ಅದಕ್ಕೆ "ಹನಿ" ಅನ್ನುವ ಪದ ಸಾಲಿನೊಳಗೇ ಬರಬೇಕು. "ಹನಿಯ ನೀರೇ ಸಾಕು." ಮೂರು, ನಾಲ್ಕು, ಮೂರು. ಕೂಡಿಸಿದರೆ:

ಹನಿಯ ನೀರೇ ಸಾಕು, ಬೇರು ನೆನೆದರೆ ಸಾಕು.

ಒತ್ತಕ್ಷರ ಒಂದೂ ಇಲ್ಲ, ಹಾಗಾಗಿ ಓಡುವ ಬಸ್ಸಿನಿಂದಲೂ ಓದಬಹುದು. "ಮಾಡು", "ಹಾಕು" ಅನ್ನುವ ಏಕವಚನದ ಅಪ್ಪಣೆಯೂ ಇಲ್ಲ. ಇದು ಮುಖ್ಯ. ಪ್ರಾಸಕ್ಕೋಸ್ಕರ ದೊಡ್ಡವರಿಗೆ "ನೀನು" ಅಂದುಬಿಡುವ ಗೋಡೆ ಬರಹಗಳು ಬೇಕಾದಷ್ಟಿವೆ. ಕ್ರಿಯಾಪದವನ್ನು ಅಪ್ಪಣೆಯಾಗಿ ಇಡದೆ "ಆದರೆ ಸಾಕು" ಅನ್ನುವ ರೀತಿ ಬರೆದರೆ ಈ ತೊಡಕೇ ಬರುವುದಿಲ್ಲ.

ಹಂತ 6: ಇದು ಎಲ್ಲಿ ಸುಳ್ಳಾಗುತ್ತದೆ ಅಂತ ಹುಡುಕಿ

ಸಾಲು ಇಷ್ಟವಾದ ತಕ್ಷಣ ಅದರ ಮೇಲೆ ಅನುಮಾನ ಪಡುವುದು ಬರೆದವರ ಕೆಲಸ. "ಹನಿಯ ನೀರೇ ಸಾಕು" ಅನ್ನುವುದು ಎಲ್ಲ ಕಡೆ ನಿಜವಲ್ಲ. ಉಪ್ಪು ನೀರಿನ ಬೋರ್‌ವೆಲ್ ಇರುವ ಕಡೆ, ಆ ಒದ್ದೆ ಗೆಡ್ಡೆಯ ಅಂಚಿನಲ್ಲಿ ಉಪ್ಪು ಬಂದು ಕೂರುತ್ತದೆ. ನೀರು ಒಣಗಿದಲ್ಲಿ ಮಣ್ಣಿನ ಮೇಲೆ ಬಿಳಿ ಉಂಗುರ ಕಾಣುತ್ತದೆ. ಒಳ್ಳೆ ಮಳೆ ಬಂದರೆ ಅದು ತೊಳೆದು ಹೋಗುತ್ತದೆ, ಬಾರದಿದ್ದರೆ ಆಗಾಗ ಹೆಚ್ಚು ನೀರು ಬಿಟ್ಟು ಬೇರಿನಿಂದ ಕೆಳಕ್ಕೆ ಇಳಿಸಬೇಕು. ಹಾಗೇ ಪೂರ್ತಿ ಒಣಗಿದ ಹೊಲದಲ್ಲಿ ನಾಟಿ ಮಾಡುವ ಮೊದಲು ಮಣ್ಣನ್ನು ಚೆನ್ನಾಗಿ ನೆನೆಸಲೇಬೇಕು. ಯೋಜನೆ ಇರುವ ಊರುಗಳಲ್ಲಿ ನೀರು ಉಪ್ಪಾಗಿದ್ದರೆ ಈ ಸಾಲು ಅಲ್ಲಿಗೆ ಬೇಡ.

ಇನ್ನೊಂದು ಅಪಾಯ, "ಸಾಕು" ಅನ್ನುವುದನ್ನು "ಕಡಿಮೆ ಕೊಡಿ" ಅಂತ ಕೇಳಿಸಿಕೊಳ್ಳುವುದು. ಇದನ್ನು ಕಂಡುಹಿಡಿಯಲು ಸುಲಭದ ದಾರಿ ಇದೆ. ಸಾಲನ್ನು ಒಮ್ಮೆ ಹೇಳಿ, ಬೇರೆ ಮಾತಾಡಿ, ಆಮೇಲೆ ಎರಡು ಪ್ರಶ್ನೆ ಕೇಳಿ: ಆ ಮಾತು ಏನಿತ್ತು? ಅದನ್ನು ಕೇಳಿದರೆ ಏನು ಮಾಡಬೇಕು ಅನ್ನಿಸಿತು? ಮೊದಲನೆಯದಕ್ಕೆ ಪದ ಅದಲುಬದಲಾಗಿ ಬಂದರೆ ಸಾಲು ಇನ್ನೂ ಬಿಗಿಯಾಗಬೇಕು. ಎರಡನೆಯದಕ್ಕೆ "ನೀರು ಕಡಿಮೆ ಬಿಡಬೇಕಂತೆ" ಅನ್ನುವ ಉತ್ತರ ಹೆಚ್ಚು ಬಂದರೆ ಸಾಲು ಕೆಟ್ಟಿದೆ. "ಬುಡಕ್ಕೆ ಮಾತ್ರ ಬಿಟ್ಟರೆ ಆಗುತ್ತಂತೆ", "ಡ್ರಿಪ್ ಹಾಕಿಸಬಹುದೇನೋ" ಅಂದರೆ ಸರಿಯಾದ ಕಡೆ ಹೋಗಿದೆ. ಕಚೇರಿಯ ಸಹೋದ್ಯೋಗಿಗಳ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅವರಿಗೆ ಮೊದಲೇ ಉತ್ತರ ಗೊತ್ತು.

ಹಂತ 7: ಗೋಡೆಯ ಮೇಲೆ ಮತ್ತು ಮೈಕ್‌ನಲ್ಲಿ

ಗೋಡೆಯಲ್ಲಿ ಎರಡು ಸಾಲಾಗಿ ಬರೆಸಿ, ಅರ್ಧಕ್ಕೆ ಒಂದು ಸಾಲು. "ನೆನೆದರೆ" ಅನ್ನುವುದನ್ನು ಜಾಗ ಸಾಲದೆ ಒಡೆದು ಕೆಳಗೆ ಹಾಕದಂತೆ ಬರೆಯುವವರಿಗೆ ಮೊದಲೇ ಹೇಳಿ. ಚಿತ್ರಕ್ಕೆ ನಗುವ ರೈತ, ನೀರಿನ ಹನಿ ಬೇಡ. ನೀವು ಅಗೆದು ನೋಡಿದ ಆ ಕತ್ತರಿಸಿದ ಮಣ್ಣನ್ನೇ ಬರೆಸಿ: ಮೇಲೆ ಗಿಡ, ಪಕ್ಕದಲ್ಲಿ ಪೈಪ್, ಕೆಳಗೆ ಕಪ್ಪು ಗೆಡ್ಡೆಯಾಕಾರ, ಅದರೊಳಗೆ ಬೇರು. "ಕಡಿಮೆ ಕೊಡಿ" ಅನ್ನುವ ತಪ್ಪು ಅರ್ಥ ಈ ಚಿತ್ರದಿಂದ ಬಹಳ ಮಟ್ಟಿಗೆ ತಪ್ಪುತ್ತದೆ. ಅರ್ಜಿ ಎಲ್ಲಿ ಕೊಡಬೇಕು ಅನ್ನುವುದು ಕೆಳಗೆ ಸಣ್ಣಕ್ಷರದಲ್ಲಿ ಇರಲಿ. ಸಹಾಯಧನದ ಪ್ರಮಾಣವನ್ನು ಗೋಡೆಗೆ ಹಾಕಬೇಡಿ. ನಿಯಮ ಬದಲಾಗುತ್ತದೆ, ಬಣ್ಣ ಹಾಗೇ ಉಳಿಯುತ್ತದೆ.

ಮೈಕ್‌ಗೆ ರೆಕಾರ್ಡ್ ಮಾಡುವಾಗ ಎರಡು ಅರ್ಧಗಳ ನಡುವೆ ಒಂದು ಉಸಿರು ಬಿಡಿ. ಹಿಂದೆ ಸಂಗೀತ ಬೇಡ.

ಎರಡನೇ ಸಾಲು: ಹಾಕಿಸಿ ಬಿಟ್ಟವರಿಗೆ

ಇಲ್ಲಿ ಅನುಮಾನ ಬೇರೆ: "ಮೊದಲು ಚೆನ್ನಾಗಿತ್ತು, ಆಮೇಲೆ ಕೊನೆ ಗಿಡಗಳು ಬಾಡಿದವು." ಕಾರಣ ಬಹಳ ಸಲ ಕಟ್ಟಿಕೊಂಡ ಫಿಲ್ಟರ್. ಫಿಲ್ಟರ್‌ನಲ್ಲಿ ಕಸ ತುಂಬಿದರೆ ಆಚೆ ಕಡೆ ಒತ್ತಡ ಇಳಿಯುತ್ತದೆ, ಅದರ ಪೆಟ್ಟು ಮೊದಲು ಕಾಣುವುದು ಪೈಪಿನ ಕೊನೆಯ ಗಿಡಗಳಲ್ಲಿ. ನೋಡುವುದು ಸುಲಭ. ಒಂದೇ ಥರದ ಎರಡು ಲೋಟ ತೆಗೆದುಕೊಂಡು ಮೊದಲ ಡ್ರಿಪ್ಪರ್ ಕೆಳಗೊಂದು, ಕೊನೆಯದರ ಕೆಳಗೊಂದು ಇಟ್ಟು, ಒಂದೇ ಹೊತ್ತು ಹನಿ ಹಿಡಿಯಿರಿ. ಕೊನೆಯ ಲೋಟದಲ್ಲಿ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಮೊದಲು ಫಿಲ್ಟರ್ ತೊಳೆಯಬೇಕು, ಆಮೇಲೆ ಪೈಪಿನ ಕೊನೆಯ ಮುಚ್ಚಳ ತೆಗೆದು ತಿಳಿ ನೀರು ಬರುವವರೆಗೆ ಹರಿಯಬಿಡಬೇಕು. ಅದಾದ ಮೇಲೂ ಸರಿಯಾಗದಿದ್ದರೆ ಡ್ರಿಪ್ಪರ್ ಒಳಗೆ ಸುಣ್ಣ ಕಟ್ಟಿರಬಹುದು, ಹಾಗಿದ್ದರೆ ತಿಳಿದವರಿಂದ ಆಮ್ಲದ ಉಪಚಾರ ಮಾಡಿಸಬೇಕು.

ಇದಕ್ಕೆ "ವಾರಕ್ಕೊಮ್ಮೆ ಫಿಲ್ಟರ್ ತೊಳೆ, ಕೊನೆಯ ಸಾಲಿಗೂ ಒಳ್ಳೆ ಬೆಳೆ" ಅಂತ ಬರೆಯಬಹುದು, ತೂಕವೂ ಸರಿ ಇದೆ. ಆದರೆ "ತೊಳೆ" ಅಂತ ಏಕವಚನ ಬಂತು, ಜೊತೆಗೆ ವಾರದ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಕೆರೆ, ಹೊಂಡದ ನೀರು ಬಳಸುವವರು ದಿನಾ ತೊಳೆಯಬೇಕಾಗಬಹುದು. ಹಾಗಾಗಿ ಹೀಗೆ:

ಫಿಲ್ಟರ್ ತೊಳೆದ ತೋಟ, ಕೊನೆ ಗಿಡಕ್ಕೂ ಊಟ.

ಹತ್ತು ಮಾತ್ರೆ, ಹತ್ತು ಮಾತ್ರೆ. ಗೊಬ್ಬರವೂ ಇದೇ ಪೈಪಿನಲ್ಲಿ ಹೋಗುವುದರಿಂದ "ಊಟ" ಅನ್ನುವುದು ಬರೀ ಪ್ರಾಸಕ್ಕೆ ಬಂದ ಪದವಲ್ಲ. ಇದನ್ನು ಪಂಪ್ ಮನೆಯ ಒಳಗೆ, ಸ್ವಿಚ್ ಪಕ್ಕದಲ್ಲಿ, ಕೈ ಹೋಗುವ ಎತ್ತರಕ್ಕೆ ಬರೆಸಿ.